ಒಂದು ಕ್ಯಾರೊಸೆಲ್, ಇಬ್ಬರು ಬರೆಯುವವರು: ದನಿ ಒಡೆಯದಂತೆ, ಕೆಲಸ ಏರುಪೇರಾಗದಂತೆ ಬರೆಯುವ ಕ್ರಮ

ಇಬ್ಬರು ಕ್ರಿಯೇಟರ್‌ಗಳು ಸೇರಿ ಇನ್‌ಸ್ಟಾಗ್ರಾಮ್ ಕ್ಯಾರೊಸೆಲ್ ಮಾಡೋಣ ಅಂತ ಕೂತಾಗ ಮೊದಲು ಬರುವ ಮಾತು ಹೆಚ್ಚಾಗಿ ಒಂದೇ: "ಹತ್ತು ಸ್ಲೈಡ್ ಇದೆ. ಐದು ನೀವು ಬರೀರಿ, ಐದು ನಾನು ಬರೀತೀನಿ." ಕೆಲಸ ಕೆಡುವುದು ಇಲ್ಲಿಂದಲೇ. ಹೀಗೆ ಹಂಚಿಕೊಂಡವರ ಕ್ಯಾರೊಸೆಲ್ ಓದಿ ನೋಡಿ. ಮೂರನೇ ಸ್ಲೈಡ್‌ವರೆಗೆ ಅಕ್ಕ ಮಾತಾಡಿದ ಹಾಗಿರುತ್ತದೆ, ನಾಲ್ಕಕ್ಕೆ ಬಂದರೆ ಮೇಷ್ಟ್ರು ಪಾಠ ಮಾಡಲು ನಿಂತಿರುತ್ತಾರೆ. ಇನ್ನೊಂದು ಕಡೆ, ಐದೈದು ಅಂತ ಹಂಚಿಕೊಂಡರೂ ಒಬ್ಬರು ರಾತ್ರಿಯೆಲ್ಲಾ ಫೋಟೊ, ಡಿಸೈನ್ ಅಂತ ಒದ್ದಾಡಿರುತ್ತಾರೆ, ಇನ್ನೊಬ್ಬರು ಐದು ಪ್ಯಾರಾ ಟೈಪ್ ಮಾಡಿ ಮುಗಿಸಿರುತ್ತಾರೆ. ಮುಂದಿನ ಸಲ ಸೇರಿ ಮಾಡೋಣವಾ ಅಂದರೆ ಉತ್ತರ ಬರುವುದಿಲ್ಲ.

ಎರಡಕ್ಕೂ ಕಾರಣ ಒಂದೇ. ಸ್ಲೈಡ್‌ಗಳನ್ನು ಎಣಿಸಿ ಹಂಚಿದ್ದಾರೆ, ಕೆಲಸವನ್ನು ತೂಗಿ ಹಂಚಿಲ್ಲ. ಕೊನೆಗೆ ಎಲ್ಲದರ ಮೇಲೆ ಒಂದೇ ಕೈ ಆಡಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಂಡಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಅದರ ಕೆಲಸ ಮುಂದಿನ ಹಂತದಲ್ಲಿ ದುಪ್ಪಟ್ಟಾಗಿ ಬರುತ್ತದೆ.

ಉದಾಹರಣೆಗೆ ಒಂದೇ ಕ್ಯಾರೊಸೆಲ್ ಇಟ್ಟುಕೊಳ್ಳೋಣ. ವಿಷಯ: ಜೋಳದ ರೊಟ್ಟಿ ಯಾಕೆ ಒಡೆಯುತ್ತದೆ. ಬರೆಯುವವರಲ್ಲಿ ಒಬ್ಬರು ಧಾರವಾಡದವರು, ದಿನಾ ರೊಟ್ಟಿ ಮಾಡುವವರು. ಇನ್ನೊಬ್ಬರು ಮೈಸೂರಿನವರು, ಹೊಸದಾಗಿ ಅಡುಗೆ ಕಲಿಯುವವರಿಗಾಗಿ ಬರೆಯುವವರು. ಇಬ್ಬರಿಗೂ ಕನ್ನಡ ಸಲೀಸು, ಆದರೆ ಇಬ್ಬರ ಕನ್ನಡ ಒಂದೇ ಅಲ್ಲ. ಅದಕ್ಕೇ ಈ ಜೋಡಿಯನ್ನು ಆರಿಸಿದ್ದು.

## ಶುರು ಮಾಡುವ ಮೊದಲು ಬೇಕಾದದ್ದು

ಇಬ್ಬರಿಗೂ ತಿದ್ದಲು ಬರುವ ಒಂದೇ ಒಂದು ಗೂಗಲ್ ಡಾಕ್ ಸಾಕು. ವಾಟ್ಸಾಪ್‌ನಲ್ಲಿ ಪಠ್ಯ ಕಳಿಸುತ್ತಾ ಕೂರಬೇಡಿ. ಎರಡು ದಿನ ಕಳೆದರೆ ಯಾವುದು ಕೊನೆಯ ಪ್ರತಿ ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ. ಮಾತುಕತೆ ವಾಟ್ಸಾಪ್‌ನಲ್ಲಿರಲಿ, ಬರಹ ಡಾಕ್‌ನಲ್ಲಿರಲಿ.

ಡಿಸೈನಿಗೆ ಕ್ಯಾನ್ವಾ ಆಗಲಿ, ಬೇರೆ ಯಾವುದೇ ಆಗಲಿ, ಇಬ್ಬರ ಫೋನಿನಲ್ಲೂ ತೆರೆಯುವಂತಿರಬೇಕು. ಅಳತೆ 1080 × 1350 ಇಟ್ಟುಕೊಳ್ಳಿ. ಎಲ್ಲಾ ಸ್ಲೈಡಿಗೂ ಇದೇ ಅಳತೆ. ಮೊದಲ ಸ್ಲೈಡಿನ ಆಕಾರಕ್ಕೇ ಇನ್‌ಸ್ಟಾಗ್ರಾಮ್ ಉಳಿದವನ್ನೂ ಕತ್ತರಿಸುತ್ತದೆ. ಒಬ್ಬರು ಚೌಕದಲ್ಲಿ, ಇನ್ನೊಬ್ಬರು ಉದ್ದದಲ್ಲಿ ಮಾಡಿಕೊಂಡು ಬಂದರೆ ಅಕ್ಷರಗಳೇ ಕತ್ತರಿಸಿಹೋಗುತ್ತವೆ.

ಟೈಪಿಂಗ್ ವಿಷಯದಲ್ಲಿ ಒಂದು ಎಚ್ಚರ. ಇಬ್ಬರೂ ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಒಬ್ಬರು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಫಾಂಟ್ ಬಳಸಿ ಬರೆದಿದ್ದರೆ, ಡಾಕ್‌ಗೆ ಅಂಟಿಸಿದಾಗ ಓದಲಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ಮೊದಲೇ ಯೂನಿಕೋಡ್‌ಗೆ ಬದಲಾಯಿಸಿಕೊಂಡು ಬನ್ನಿ.

## 1. ಓದುವವರು ಯಾರು ಅಂತ ಒಂದೇ ಸಾಲಿನಲ್ಲಿ ಬರೆಯಿರಿ

ಡಾಕ್‌ನ ಮೊದಲ ಸಾಲು ಇದು: ಈ ಕ್ಯಾರೊಸೆಲ್ ಓದಿದ ಮೇಲೆ, ಯಾರು, ಏನು ಮಾಡಬೇಕು?

ನಮ್ಮ ಉದಾಹರಣೆಯಲ್ಲಿ ಆ ಸಾಲು ಹೀಗಿರುತ್ತದೆ: "ಜೋಳದ ರೊಟ್ಟಿ ಎರಡು ಮೂರು ಸಲ ಮಾಡಿ ಸೋತವರು, ತಮ್ಮ ರೊಟ್ಟಿ ಎಲ್ಲಿ ಒಡೆಯುತ್ತಿದೆ ಅಂತ ನೋಡಿ, ಕಾರಣ ತಾವೇ ಕಂಡುಹಿಡಿಯಬೇಕು."

ಈ ಸಾಲು ಇಲ್ಲದಿದ್ದರೆ ಇಬ್ಬರೂ ಬೇರೆ ಬೇರೆ ಓದುಗರಿಗೆ ಬರೆಯುತ್ತಾರೆ. ಧಾರವಾಡದವರ ಕಣ್ಣ ಮುಂದೆ ರೊಟ್ಟಿ ಗೊತ್ತಿರುವ ಮನೆಯವರು ಇರುತ್ತಾರೆ. ಅವರು "ಎಸರಿಟ್ಟು ಹಿಟ್ಟು ನಾದಿ" ಅಂತ ಮೂರು ಪದದಲ್ಲಿ ಮುಗಿಸುತ್ತಾರೆ. ಮೈಸೂರಿನವರ ಕಣ್ಣ ಮುಂದೆ ಬೆಂಗಳೂರಿನ ಪಿಜಿಯಲ್ಲಿ ಮೊದಲ ಸಲ ಜೋಳದ ಹಿಟ್ಟಿನ ಪ್ಯಾಕೆಟ್ ಒಡೆದವರು ಇರುತ್ತಾರೆ. ಎಸರು ಅಂದರೆ ಏನು ಅಂತಲೇ ಅವರಿಗೆ ಎರಡು ಸಾಲು ಬೇಕು. ದನಿ ಬೇರೆಯಾಗುವುದು ಪದಗಳಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅದರ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ, ಇಬ್ಬರೂ ನೋಡುತ್ತಿರುವ ಮುಖ ಬೇರೆ.

ಆ ಸಾಲಿನ ಬಗ್ಗೆ ಇಬ್ಬರೂ ಒಪ್ಪುವವರೆಗೆ ಮುಂದೆ ಹೋಗಬೇಡಿ. ಇಲ್ಲಿ ಜಗಳವಾದರೆ ಒಳ್ಳೆಯದೇ, ಇನ್ನೂ ಏನೂ ಬರೆದಿಲ್ಲವಲ್ಲ.

## 2. ದನಿ ಚೀಟಿ ಮಾಡಿಕೊಳ್ಳಿ

ಎರಡನೇ ಕೆಲಸ, ಅರ್ಧ ಪುಟದ ಒಂದು ಚೀಟಿ. "ಸ್ನೇಹದ ಧಾಟಿ, ಸರಳ ಭಾಷೆ" ಅಂತ ಬರೆದರೆ ಅದು ಚೀಟಿಯಲ್ಲ, ಅದನ್ನು ಇಬ್ಬರೂ ತಮಗೆ ಬೇಕಾದ ಹಾಗೆ ಅರ್ಥಮಾಡಿಕೊಳ್ಳಬಹುದು. ಹೌದು ಅಥವಾ ಇಲ್ಲ ಅಂತ ನೋಡಿ ಹೇಳಬಹುದಾದ ತೀರ್ಮಾನಗಳು ಬೇಕು. ಕನ್ನಡದಲ್ಲಿ ದನಿ ಒಡೆಯುವ ಜಾಗಗಳು ಕೆಲವೇ ಇವೆ.

ಓದುಗರನ್ನು ಏನಂತ ಕರೆಯುತ್ತೀರಿ? ನೀವು ಅಂತಾದರೆ ಕೊನೆಯವರೆಗೂ ನೀವು. ಕವರ್‌ನಲ್ಲಿ "ನಿನ್ನ ರೊಟ್ಟಿ ಒಡೀತಾ?" ಅಂತ ಕೇಳಿ, ಎರಡನೇ ಸ್ಲೈಡಿನಲ್ಲಿ "ನೀವು ಗಮನಿಸಿರಬಹುದು" ಅಂದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಬರೆದವರು ಬದಲಾದರು ಅಂತ.

ಕ್ರಿಯಾಪದ ಹೇಗೆ ಮುಗಿಯುತ್ತದೆ? ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. "ನಾದಿ", "ನಾದಿರಿ", "ನಾದಬೇಕು", "ನಾದ್ಬೇಕು", "ನಾದ್ರಿ" ಎಲ್ಲವೂ ಸರಿಯಾದ ಕನ್ನಡವೇ. ಆದರೆ ಒಂಬತ್ತು ಸ್ಲೈಡಿನಲ್ಲಿ ಐದೂ ಬಂದರೆ ಐದು ಜನ ಮಾತಾಡಿದ ಹಾಗಾಗುತ್ತದೆ. ಒಂದನ್ನು ಆರಿಸಿ ಚೀಟಿಯಲ್ಲಿ ಬರೆಯಿರಿ: "ಹೇಳುವಾಗ ನಾದಿ, ಕುದಿಸಿ, ತಟ್ಟಿ. ಕಾರಣ ಕೊಡುವಾಗ ಒಡೆಯುತ್ತೆ, ಹಿಡಿಯುತ್ತೆ. 'ಒಡೆಯುತ್ತದೆ' ಬೇಡ."

ಮಾತಾಡುತ್ತಿರುವವರು ಯಾರು? ಇಬ್ಬರು ಸೇರಿ ಬರೆದದ್ದರಲ್ಲಿ "ನಾನು" ಅಂದರೆ ಯಾರು ಅಂತ ಓದುಗರಿಗೆ ತಿಳಿಯುವುದಿಲ್ಲ. ಪೋಸ್ಟಿನ ಮೇಲೆ ಎರಡು ಹೆಸರಿರುತ್ತದೆ. ಹಾಗಾಗಿ ಮಾಮೂಲಾಗಿ "ನಾವು" ಇರಲಿ. ಒಬ್ಬರ ಸ್ವಂತ ಅನುಭವ ಹೇಳಲೇಬೇಕಾದರೆ "ಧಾರವಾಡದ ಕಡೆ ಹೀಗೆ ಮಾಡ್ತಾರೆ" ಅಂತ ಊರಿನ ಹೆಸರು ಹಿಡಿದು ಹೇಳಿ.

ಕೆಲಸದ ಪದಗಳು ಯಾವುವು? ಧಾರವಾಡದಲ್ಲಿ ರೊಟ್ಟಿ ಬಡಿಯುತ್ತಾರೆ, ಮೈಸೂರಿನ ಕಡೆ ತಟ್ಟುತ್ತಾರೆ. ಅಲ್ಲಿ ಹಂಚು, ಇಲ್ಲಿ ತವಾ ಅಥವಾ ಕಾವಲಿ. ಇವನ್ನು ಎರಡು ಕಾಲಂ ಮಾಡಿ ಬರೆದು, ಬಳಸುವ ಪದಕ್ಕೆ ಗೆರೆ ಎಳೆಯಿರಿ. ನಾನಾಗಿದ್ದರೆ "ತಟ್ಟಿ" ಇಟ್ಟುಕೊಂಡು, "ಹಂಚು" ಮತ್ತು "ಎಸರು" ಉಳಿಸಿಕೊಳ್ಳುತ್ತೇನೆ. ತಟ್ಟುವುದು ಎಲ್ಲರಿಗೂ ಗೊತ್ತಿರುವ ಪದ. ಎಸರಿಗೆ ಮಾತ್ರ ಅಷ್ಟೇ ಚಿಕ್ಕ ಬದಲಿ ಪದ ಇಲ್ಲ, ಅದನ್ನು ಬಿಟ್ಟರೆ ಪ್ರತಿ ಸಲ "ಹಿಟ್ಟಿಗೆ ಹಾಕಲು ಕುದಿಸಿದ ನೀರು" ಅಂತ ಬರೆಯಬೇಕಾಗುತ್ತದೆ. ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ಹೇಳಿಬಿಡಿ, ಆಮೇಲೆ ಧಾರಾಳವಾಗಿ ಬಳಸಿ.

ಅಂಕಿ 2 ಅಂತಲೋ ೨ ಅಂತಲೋ ಎರಡು ಅಂತಲೋ, ಇಮೋಜಿ ಬೇಕೋ ಬೇಡವೋ, ಇವನ್ನೂ ಒಂದು ಸಾಲಿನಲ್ಲಿ ತೀರ್ಮಾನಿಸಿ ಮುಗಿಸಿ. ಇದಕ್ಕೆ ಜಾಸ್ತಿ ಹೊತ್ತು ಬೇಡ.

ಇಷ್ಟಾದ ಮೇಲೆ ಒಂದು ಮಾತು. ಒಂದೇ ದನಿ ಅಂದರೆ ಪುಸ್ತಕದ ಕನ್ನಡವೇ ಆಗಬೇಕು ಅಂತಲ್ಲ. ಇಡೀ ಕ್ಯಾರೊಸೆಲ್ ಧಾರವಾಡದ ಕನ್ನಡದಲ್ಲೇ ಇರಬಹುದು, ತುಂಬಾ ಚೆನ್ನಾಗಿಯೂ ಇರುತ್ತದೆ. ಆದರೆ ಆಗ ಮೈಸೂರಿನವರ ಸ್ಲೈಡುಗಳೂ ಆ ಕನ್ನಡದಲ್ಲೇ ಬರಬೇಕು, ಕೊನೆಯ ತಿದ್ದುವ ಕೈ ಧಾರವಾಡದವರದ್ದೇ ಆಗಬೇಕು. ತಮ್ಮದಲ್ಲದ ಮಾತಿನ ಧಾಟಿಯನ್ನು ಅನುಕರಿಸಿ ಬರೆದರೆ ಆ ಕಡೆಯವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

## 3. ಮೊದಲು ಎಲುಬು ನಿಲ್ಲಿಸಿ, ಹಂಚುವುದು ಆಮೇಲೆ

ಇನ್‌ಸ್ಟಾಗ್ರಾಮ್ ಈಗ ಒಂದು ಕ್ಯಾರೊಸೆಲ್‌ನಲ್ಲಿ 20 ಸ್ಲೈಡ್‌ವರೆಗೂ ಬಿಡುತ್ತದೆ. 2024ರವರೆಗೆ 10 ಇತ್ತು. ಜಾಗ ಇದೆ ಅಂತ ತುಂಬಬೇಡಿ. ಇಬ್ಬರಿದ್ದಾಗ ಇಬ್ಬರಿಗೂ ಹೇಳುವುದು ಇರುತ್ತದೆ, ಸ್ಲೈಡು ಸುಮ್ನೆ ಬೆಳೆಯುತ್ತಾ ಹೋಗುತ್ತದೆ.

ಡಾಕ್‌ನಲ್ಲಿ ಒಂದು ಟೇಬಲ್ ಹಾಕಿ. ಪ್ರತಿ ಸ್ಲೈಡಿಗೆ ಒಂದು ಸಾಲು. ಆ ಸ್ಲೈಡ್ ಮಾಡುವ ಒಂದೇ ಕೆಲಸವನ್ನು ಅದರಲ್ಲಿ ಬರೆಯಿರಿ. ರೊಟ್ಟಿಯ ಕ್ಯಾರೊಸೆಲ್‌ಗೆ ಒಂಬತ್ತು ಸಾಕು:

1. ಕವರ್: ರೊಟ್ಟಿ ಒಡೆಯುತ್ತಾ ಅನ್ನುವ ಪ್ರಶ್ನೆ
2. ಯಾಕೆ ಒಡೆಯುತ್ತೆ: ಜೋಳದಲ್ಲಿ ಗ್ಲೂಟನ್ ಇಲ್ಲ
3. ಹಿಟ್ಟು: ಹೊಸದಾಗಿ ಬೀಸಿದ್ದು ಬೇಕು
4. ಎಸರು: ನೀರು ಕುದಿಯಲೇಬೇಕು
5. ನಾದುವುದು
6. ತಟ್ಟುವುದು, ಫೋಟೊ ಸಮೇತ
7. ಹಂಚಿನ ಮೇಲೆ ಹಾಕಿ ನೀರು ಸವರುವುದು
8. ಎಲ್ಲಿ ಒಡೆದರೆ ಏನು ಕಾರಣ: ಸೇವ್ ಮಾಡಿಕೊಳ್ಳುವ ಪಟ್ಟಿ
9. ಓದುಗರಿಗೆ ಪ್ರಶ್ನೆ

ಇಲ್ಲಿ ಎರಡನೇ ಸ್ಲೈಡಿಗೂ ನಾಲ್ಕಕ್ಕೂ ಒಂದು ಎಳೆ ಇದೆ. ಗೋಧಿ ಹಿಟ್ಟನ್ನು ಗ್ಲೂಟನ್ ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನಲ್ಲಿರುವ ಪಿಷ್ಟ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ಎರಡನೇ ಸ್ಲೈಡ್ ಬರೆದವರು "ಗ್ಲೂಟನ್ ಇಲ್ಲ" ಅಂತ ನಿಲ್ಲಿಸಿ, ನಾಲ್ಕನೆಯದನ್ನು ಬರೆದವರು "ನೀರು ಚೆನ್ನಾಗಿ ಕುದಿಯಲಿ" ಅಂತಷ್ಟೇ ಹೇಳಿದರೆ ಎಳೆ ಕಡಿಯುತ್ತದೆ. ಎರಡೂ ಸರಿಯಾಗಿಯೇ ಇದ್ದರೂ ಓದುವವರಿಗೆ ಸಂಬಂಧ ಕಾಣುವುದಿಲ್ಲ. ಟೇಬಲ್‌ನಲ್ಲಿ ಇನ್ನೊಂದು ಕಾಲಂ ಇಟ್ಟು, ಇಂಥ ಎಳೆಗಳನ್ನು ಬರೆದಿಡಿ: "4ನೆಯದು 2ಕ್ಕೆ ಉತ್ತರ ಕೊಡಬೇಕು."

ಎಚ್ಚರದ ಗುರುತು: ಒಂದು ಸ್ಲೈಡಿನ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಲು ಆಗದಿದ್ದರೆ ಅದರಲ್ಲಿ ಎರಡು ಸ್ಲೈಡ್ ಸೇರಿಕೊಂಡಿವೆ. ಈಗಲೇ ಬಿಡಿಸಿ.

## 4. ಸ್ಲೈಡ್ ಎಣಿಸಬೇಡಿ, ಕೆಲಸ ತೂಗಿ

ನ್ಯಾಯವಾಗಿ ಹಂಚುವ ಹಂತ ಇದು. ಪ್ರತಿ ಕೆಲಸಕ್ಕೂ 1, 2 ಅಥವಾ 3 ಅಂಕ ಕೊಡಿ. ಕೂತಲ್ಲೇ ಬರೆದು ಮುಗಿಸಬಹುದಾದರೆ 1. ಯೋಚನೆ ಬೇಕು, ನಾಲ್ಕಾರು ಸಲ ತಿದ್ದಬೇಕು ಅಂದರೆ 2. ಫೋಟೊ ತೆಗೆಯಬೇಕು, ಇಲ್ಲವೇ ಇಡೀ ಕ್ಯಾರೊಸೆಲ್ ಅದರ ಮೇಲೆ ನಿಂತಿದೆ ಅಂದರೆ 3.

ಅಂಕ ಕೊಡುವಾಗ ಒಂದು ಕಟ್ಟುನಿಟ್ಟು ಇರಲಿ. ಕೆಲಸ ಯಾರದ್ದು ಅಂತ ತೀರ್ಮಾನವಾಗುವ ಮೊದಲೇ ಅಂಕ ಬೀಳಬೇಕು. ಹೆಸರು ಬಿದ್ದ ಮೇಲೆ ತೂಗಿದರೆ ಎಲ್ಲರಿಗೂ ತಮ್ಮ ಕೆಲಸವೇ ಭಾರವಾಗಿ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ ಕವರ್‌ಗೆ 3, ತಟ್ಟುವ ಸ್ಲೈಡಿಗೆ 3, ಎಂಟನೆಯ ಪಟ್ಟಿಗೆ 3. ಎರಡು, ನಾಲ್ಕು, ಐದು, ಏಳಕ್ಕೆ ತಲಾ 2. ಮೂರಕ್ಕೂ ಒಂಬತ್ತಕ್ಕೂ ತಲಾ 1. ಸ್ಲೈಡುಗಳದ್ದು ಒಟ್ಟು 19.

ಇಷ್ಟಕ್ಕೇ ನಿಲ್ಲಿಸಿದರೆ ಮೋಸ. ಸ್ಲೈಡಿನ ಮೇಲೆ ಕಾಣದ ಕೆಲಸ ಇನ್ನೂ ಇದೆ. ಡಿಸೈನ್ 3, ಕೊನೆಯ ತಿದ್ದುವಿಕೆ 2, ಮೊದಲ ಎರಡು ದಿನ ಕಾಮೆಂಟಿಗೆ ಉತ್ತರ 2, ಕ್ಯಾಪ್ಶನ್ 1, ಅಪ್‌ಲೋಡ್ 1. ಇದು 9. ಎಲ್ಲಾ ಸೇರಿ 28, ಒಬ್ಬೊಬ್ಬರಿಗೆ 14.

ಈಗ ಹಂಚಿ. ರೊಟ್ಟಿ ಮಾಡುವವರು ಧಾರವಾಡದವರು, ಹಾಗಾಗಿ ಮೂರರಿಂದ ಏಳರವರೆಗೆ ಅವರದ್ದು: 10 ಅಂಕ. ಕಾಮೆಂಟಿನಲ್ಲಿ ಬರುವ ಪ್ರಶ್ನೆಗಳಿಗೆ ಅವರೇ ಉತ್ತರ ಕೊಡಬಲ್ಲರು, 2. ಕ್ಯಾಪ್ಶನ್ 1, ಅಪ್‌ಲೋಡ್ 1. ಒಟ್ಟು 14. ಮೈಸೂರಿನವರಿಗೆ ಕವರ್, ಎರಡು, ಎಂಟು, ಒಂಬತ್ತು: 9. ಡಿಸೈನ್ 3, ಕೊನೆಯ ತಿದ್ದುವಿಕೆ 2. ಅಲ್ಲಿಗೂ 14.

ಸ್ಲೈಡ್ ಲೆಕ್ಕದಲ್ಲಿ ಒಬ್ಬರಿಗೆ ಐದು, ಒಬ್ಬರಿಗೆ ನಾಲ್ಕು. ಐದು ಬರೆದವರಿಗೆ ಜಾಸ್ತಿಯಾಯಿತು ಅಂತ ಅನಿಸಬಹುದು. ಡಿಸೈನ್ ಲೆಕ್ಕಕ್ಕೆ ಬಂದ ಕೂಡಲೇ ಸರಿಹೋಗುತ್ತದೆ.

ಈ ಹಂಚಿಕೆಯಲ್ಲಿ ಇನ್ನೊಂದು ವಿಷಯ ಗಮನಿಸಿ. ಕೊನೆಯದಾಗಿ ತಿದ್ದುವವರು ಒಬ್ಬರು, ಪೋಸ್ಟ್ ಹಾಕುವವರು ಇನ್ನೊಬ್ಬರು. ಇದನ್ನು ಬೇಕಂತಲೇ ಹೀಗಿಟ್ಟದ್ದು. ಪೋಸ್ಟ್ ಯಾರ ಖಾತೆಯಿಂದ ಹೋಗುತ್ತದೋ ಅದರ ಒಡೆತನ ಅವರದ್ದೇ. ಕ್ಯಾಪ್ಶನ್ ತಿದ್ದುವುದು, ಪೋಸ್ಟ್ ಅಳಿಸುವುದು ಅವರ ಕೈಯಲ್ಲಿರುತ್ತದೆ. ತಿದ್ದುವ ಅಧಿಕಾರವೂ ಅವರಲ್ಲೇ ಇದ್ದರೆ ಇನ್ನೊಬ್ಬರು ಸಹಾಯಕರಾಗಿ ಉಳಿಯುತ್ತಾರೆ, ಜೊತೆಗಾರರಾಗಿ ಅಲ್ಲ.

ಬ್ರಾಂಡ್ ಹಣ ಬರುವ ಕೆಲಸವಾದರೆ ಯಾರಿಗೆ ಎಷ್ಟು, ಬಿಲ್ ಯಾರ ಹೆಸರಿನಲ್ಲಿ ಅನ್ನುವುದನ್ನೂ ಇದೇ ಟೇಬಲ್ ಕೆಳಗೆ ಇವತ್ತೇ ಬರೆಯಿರಿ.

## 5. ಬರೆಯುವ ಕ್ರಮ: ನಡುವಿನಿಂದ ಹೊರಗೆ

ಒಂದರಿಂದ ಒಂಬತ್ತರವರೆಗೆ ಸಾಲಾಗಿ ಬರೆಯಬೇಡಿ. ಇಬ್ಬರೂ ಒಟ್ಟಿಗೆ ಶುರು ಮಾಡುವುದೂ ಬೇಡ.

ಮೊದಲು ಮೂರರಿಂದ ಏಳು. ವಿಷಯದ ತಿರುಳು ಅಲ್ಲಿದೆ. ಅದಾದ ಮೇಲೆ ಎಂಟು, ಏಕೆಂದರೆ ಹಿಂದಿನ ಐದರಲ್ಲಿ ಹೇಳಿದ್ದನ್ನೇ ಅದು ತಿರುಗಿಸಿ ಹೇಳುತ್ತದೆ: ಹಿಟ್ಟು ಕೂಡಿಕೊಳ್ಳದೆ ಉದುರುತ್ತಿದ್ದರೆ ಎಸರು ನೋಡಿ ಅಥವಾ ಹಿಟ್ಟು ಹಳೆಯದಾ ನೋಡಿ, ತಟ್ಟುವಾಗ ಅಂಚು ಬಿರಿದರೆ ನಾದಿದ್ದು ನೋಡಿ, ಹಂಚಿನ ಮೇಲೆ ಬಿರುಕು ಬಂದರೆ ನೀರು ಸವರಿದ್ದು ನೋಡಿ. ಐದೂ ಸ್ಲೈಡ್ ಓದದೆ ಎಂಟನ್ನು ಬರೆದರೆ ಅದರಲ್ಲಿ ಬೇರೆಯೇ ಸಲಹೆ ಇರುತ್ತದೆ. ಇಬ್ಬರ ಕ್ಯಾರೊಸೆಲ್‌ಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ತಪ್ಪು. ಐದನೇ ಸ್ಲೈಡ್ "ಬಿಸಿ ಇರುವಾಗಲೇ ನಾದಿ" ಅನ್ನುತ್ತದೆ, ಎಂಟು "ಹಿಟ್ಟು ಪೂರ್ತಿ ಆರಿದ ಮೇಲೆ ನಾದಿದರೆ ಒಳ್ಳೆಯದು" ಅನ್ನುತ್ತದೆ. ಓದುವವರು ಯಾವುದನ್ನು ನಂಬಬೇಕು?

ಎಂಟು ಮುಗಿದ ಮೇಲೆ ಎರಡು. ಕವರ್ ಕೊನೆಗೆ. ಕವರ್‌ಗೆ ಮೈಸೂರಿನವರು ಮೂರು ಸಾಲು ಬರೆಯಲಿ, ಆರಿಸುವುದು ಧಾರವಾಡದವರು. ಒಬ್ಬರು ಬರೆದು ಇನ್ನೊಬ್ಬರು ಆರಿಸಿದರೆ ಕವರ್ ಇಬ್ಬರದ್ದೂ ಆಗುತ್ತದೆ. ಕವರ್ ಜೊತೆಗೆ ಎರಡನೇ ಸ್ಲೈಡನ್ನೂ ಅಷ್ಟೇ ಜೋಪಾನವಾಗಿ ನೋಡಿ. ಕವರ್ ನೋಡಿ ಸ್ವೈಪ್ ಮಾಡದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಅದೇ ಪೋಸ್ಟನ್ನು ಮತ್ತೊಮ್ಮೆ ಎರಡನೇ ಸ್ಲೈಡಿನಿಂದ ತೋರಿಸುವುದುಂಟು. ಹಾಗಾಗಿ ಅದು ಕವರ್ ಇಲ್ಲದೆಯೂ ಅರ್ಥವಾಗಬೇಕು.

ಒಂದು ಸ್ಲೈಡಿಗೆ 25ರಿಂದ 30 ಪದ ಮಿತಿ ಇಟ್ಟುಕೊಳ್ಳಿ. ಕನ್ನಡದ ಪದಗಳು ಉದ್ದ, "ಹಿಡಿದುಕೊಳ್ಳುವುದಿಲ್ಲ" ಅನ್ನುವುದೊಂದೇ ಅರ್ಧ ಸಾಲು ತಿನ್ನುತ್ತದೆ. ಒಬ್ಬರು 15 ಪದ, ಇನ್ನೊಬ್ಬರು 60 ಪದ ಬರೆದರೆ ಪದಗಳು ಎಷ್ಟೇ ಹೊಂದಿದರೂ ದನಿ ಹೊಂದುವುದಿಲ್ಲ. ಸ್ಲೈಡಿನ ತುಂಬುವಿಕೆಯೂ ದನಿಯ ಭಾಗವೇ.

## 6. ಕೊನೆಯ ಕೈ ಒಂದೇ ಇರಲಿ

ಈಗ ಇಡೀ ಬರಹ ಒಬ್ಬರ ಕೈಗೆ ಹೋಗುತ್ತದೆ. ಇಲ್ಲಿ ಮೈಸೂರಿನವರ ಕೈಗೆ. ಗೂಗಲ್ ಡಾಕ್‌ನಲ್ಲಿ `Suggesting` ಅಂತ ಇಟ್ಟುಕೊಂಡು ತಿದ್ದಬೇಕು. ಆಗ ಏನು ಬದಲಾಯಿತು ಅಂತ ಬರೆದವರಿಗೆ ಕಾಣುತ್ತದೆ. ನೇರವಾಗಿ ಅಳಿಸಿ ಬರೆದರೆ ಅವರಿಗೆ ನೋವಾಗುವುದು ಸಹಜ, ಅಲ್ವಾ?

ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ನಾಲ್ಕನೇ ಸ್ಲೈಡಿಗೆ ಧಾರವಾಡದವರು ಬರೆದದ್ದು:

> "ಎಸರು ಚಲೋ ಕುದೀಬೇಕು. ಕುದಿ ಬಂದ ಮ್ಯಾಲೆ ಹಿಟ್ಟಿಗೆ ಹಾಕಿ ಚಮಚಾದಿಂದ ಕಲಸ್ರಿ. ಕೈ ಹಾಕಬ್ಯಾಡ್ರಿ, ಸುಡ್ತೈತಿ."

ಎಂಟನೇ ಸ್ಲೈಡಿಗೆ ಮೈಸೂರಿನವರು ಬರೆದದ್ದು:

> "ಹಿಟ್ಟಿನಲ್ಲಿ ತೇವಾಂಶ ಕಡಿಮೆಯಾದಲ್ಲಿ ರೊಟ್ಟಿಯ ಅಂಚುಗಳು ಬಿರುಕು ಬಿಡುವ ಸಾಧ್ಯತೆ ಇರುತ್ತದೆ."

ಎರಡರಲ್ಲಿ ಯಾವುದನ್ನು ತಿದ್ದಬೇಕು? ಹೆಚ್ಚಿನವರು ಮೊದಲನೆಯದನ್ನು ಎರಡನೆಯದರ ಹಾಗೆ ಮಾಡಿಬಿಡುತ್ತಾರೆ. ಅದು ತಪ್ಪು. ಮೊದಲನೆಯದರಲ್ಲಿ ಜೀವ ಇದೆ: ಚಿಕ್ಕ ವಾಕ್ಯ, ಒಂದಾದ ಮೇಲೊಂದು ಕೆಲಸ, ಕೊನೆಗೆ ಒಂದು ಎಚ್ಚರಿಕೆ. ಎರಡನೆಯದನ್ನು ಯಾರೂ ಅಡುಗೆಮನೆಯಲ್ಲಿ ನಿಂತು ಹಾಗೆ ಹೇಳುವುದಿಲ್ಲ. ಚೀಟಿಯ ಪ್ರಕಾರ ಮೊದಲನೆಯದರಲ್ಲಿ ಬದಲಾಗಬೇಕಾದದ್ದು ಕ್ರಿಯಾಪದದ ಕೊನೆ, ಜೊತೆಗೆ ಒಂದೆರಡು ಪದ:

> "ಎಸರು ಚೆನ್ನಾಗಿ ಕುದಿಯಲಿ. ಕುದಿ ಬಂದ ಮೇಲೆ ಹಿಟ್ಟಿಗೆ ಹಾಕಿ ಚಮಚದಲ್ಲೇ ಕಲಸಿ. ಕೈ ಹಾಕಬೇಡಿ, ಸುಡುತ್ತೆ."

ಎರಡನೆಯದನ್ನು ಬುಡದಿಂದಲೇ ಬರೆಯಬೇಕು:

> "ಅಂಚು ಬಿರಿಯುತ್ತಾ? ಹಿಟ್ಟಿಗೆ ನೀರು ಸಾಲದು. ಕೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ನಾದಿ."

ಈಗ ಎರಡನ್ನೂ ಒಟ್ಟಿಗೆ ಓದಿ. ಒಬ್ಬರೇ ಹೇಳಿದ ಹಾಗಿದೆ. ಕೊನೆಯ ಕೈ ಮೈಸೂರಿನವರದ್ದಾದರೂ ಉಳಿದುಕೊಂಡದ್ದು ಧಾರವಾಡದವರ ಓಟ. ತಿದ್ದುವವರಿಗೆ ನಾನು ಹೇಳುವ ನಿಯಮ ಇಷ್ಟೇ: ಕ್ರಿಯಾಪದ, ಕರೆಯುವ ರೀತಿ, ಕೆಲಸದ ಪದ, ಇವನ್ನು ಚೀಟಿ ನೋಡಿ ತಿದ್ದಿ. ವಾಕ್ಯದ ಓಟವನ್ನು ಮುಟ್ಟುವ ಮೊದಲು, ಯಾರ ಓಟ ಓದುಗರಿಗೆ ಸುಲಭ ಅಂತ ನೋಡಿ. ವಿಷಯವನ್ನು ಮಾತ್ರ ಮುಟ್ಟಬೇಡಿ. ಕುದಿಯುವ ನೀರನ್ನು "ಬಿಸಿ ನೀರು" ಅಂತ ಮಾಡಿದರೆ ಓದಲು ಚೆನ್ನಾಗಿರಬಹುದು, ರೊಟ್ಟಿ ಒಡೆಯುತ್ತದೆ. ವಿಷಯದಲ್ಲಿ ಅನುಮಾನ ಬಂದರೆ ಕಾಮೆಂಟ್ ಹಾಕಿ ಕೇಳಿ.

ಬರೆದವರಿಗೂ ಒಂದು ಹಕ್ಕಿದೆ. ಬೇಡವೇ ಬೇಡ ಅನಿಸಿದ ತಿದ್ದುಪಡಿಯನ್ನು ತಳ್ಳಿಹಾಕಬಹುದು, ಆದರೆ ಚೀಟಿಯ ಯಾವ ಸಾಲು ಅದಕ್ಕೆ ಆಧಾರ ಅಂತ ತೋರಿಸಬೇಕು. ಚೀಟಿಯಲ್ಲಿ ಉತ್ತರ ಇಲ್ಲದಿದ್ದರೆ ಆ ಸ್ಲೈಡ್ ಬರೆದವರ ಮಾತೇ ನಡೆಯಲಿ.

## 7. ದನಿ ಒಡೆದಿದೆಯಾ ಅಂತ ಪರೀಕ್ಷೆ

ನಿಮ್ಮ ಸ್ಲೈಡುಗಳನ್ನು ನಿಮ್ಮ ಜೊತೆಗಾರರು ಗಟ್ಟಿಯಾಗಿ ಓದಿ, ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಕಳಿಸಲಿ. ಅವರದ್ದನ್ನು ನೀವು ಓದಿ ಕಳಿಸಿ. ಓದುವವರು ಎಲ್ಲಿ ತಡವರಿಸುತ್ತಾರೋ, ಎಲ್ಲಿ ಗೊತ್ತಿಲ್ಲದೆಯೇ ಪದ ಬದಲಾಯಿಸಿ ಓದುತ್ತಾರೋ, ಆ ಜಾಗ ಇನ್ನೂ ಒಬ್ಬರದ್ದೇ ದನಿಯಲ್ಲಿದೆ. "ನಾದಬೇಕು" ಅಂತ ಬರೆದಿದ್ದನ್ನು "ನಾದಿ" ಅಂತ ಓದಿದರೆ ಬರಹವನ್ನೇ "ನಾದಿ" ಮಾಡಿ.

ಆಮೇಲೆ ಈ ಕೆಲಸದಲ್ಲಿ ಸೇರದ ಒಬ್ಬರಿಗೆ ಒಂಬತ್ತೂ ಸ್ಲೈಡಿನ ಪಠ್ಯ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. "ಇದನ್ನು ಇಬ್ಬರು ಬರೆದಿದ್ದಾರೆ, ಯಾವ ಸ್ಲೈಡ್ ಯಾರದ್ದು ಗುರುತು ಮಾಡಿ" ಅನ್ನಿ. ಮೂರರಿಂದ ಏಳನ್ನು ಒಬ್ಬರದ್ದು ಅಂತ ಸರಿಯಾಗಿ ಬೇರ್ಪಡಿಸಿದರೆ ಆರನೇ ಹಂತಕ್ಕೆ ವಾಪಸ್ ಹೋಗಬೇಕು. ಊಹೆ ಅಡ್ಡಾದಿಡ್ಡಿಯಾಗಿದ್ದರೆ ಕೆಲಸ ಆಗಿದೆ.

## 8. ಡಿಸೈನಿಗೆ ಹಾಕುವಾಗ

ಪಠ್ಯ ಪೂರ್ತಿ ಒಪ್ಪಿಗೆಯಾಗುವ ಮೊದಲು ಡಿಸೈನಿಗೆ ಹಾಕಬೇಡಿ. ಒಮ್ಮೆ ಹಾಕಿದ ಮೇಲೆ ಡಾಕ್‌ನಲ್ಲಿ ಒಂದು, ಕ್ಯಾನ್ವಾದಲ್ಲಿ ಒಂದು ಅಂತ ಎರಡು ಪ್ರತಿಯಾಗುತ್ತದೆ.

ಇಡೀ ಕ್ಯಾರೊಸೆಲ್‌ಗೆ ಒಂದೇ ಫಾಂಟ್. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮೂರೂ ಉಚಿತವಾಗಿ ಸಿಗುತ್ತವೆ, ಸ್ಲೈಡಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಇಂಗ್ಲಿಷ್ ಟೆಂಪ್ಲೇಟ್ ತೆಗೆದುಕೊಂಡರೆ ಸಾಲುಗಳ ನಡುವಿನ ಜಾಗ ಹೆಚ್ಚಿಸಲೇಬೇಕು. "ರೊಟ್ಟಿ", "ಹಿಟ್ಟು" ಎರಡರಲ್ಲೂ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಜಾಗ ಸಾಲದಿದ್ದರೆ ಟಕಾರದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರ 1.5ರ ಹತ್ತಿರ ಇಟ್ಟು ನೋಡಿ. ಪದವನ್ನು ಅರ್ಧಕ್ಕೆ ತುಂಡರಿಸಿ ಕೆಳಗಿನ ಸಾಲಿಗೆ ಇಳಿಸಬೇಡಿ. ಹಿಡಿಸದಿದ್ದರೆ ವಾಕ್ಯ ಚಿಕ್ಕದು ಮಾಡಿ, ಆದರೆ ಅದನ್ನು ಡಿಸೈನ್ ಮಾಡುವವರು ಒಬ್ಬರೇ ಮಾಡಬಾರದು, ಡಾಕ್‌ಗೆ ಬಂದು ಅಲ್ಲಿ ತಿದ್ದಿ ಹೇಳಬೇಕು.

ಅಂಚಿನಲ್ಲಿ ಜಾಗ ಬಿಡಿ. ಪ್ರೊಫೈಲ್ ಗ್ರಿಡ್ ಈಗ 3:4ರಲ್ಲಿ ಕಾಣುವುದರಿಂದ 1080 × 1350 ಕವರ್‌ನ ಎಡಕ್ಕೂ ಬಲಕ್ಕೂ ಸುಮಾರು 34 ಪಿಕ್ಸೆಲ್ ಕತ್ತರಿಸಿಹೋಗುತ್ತದೆ. ಕವರ್ ಇಬ್ಬರ ಗ್ರಿಡ್‌ನಲ್ಲೂ ಕೂರುವುದರಿಂದ ಇಬ್ಬರೂ ತಮ್ಮ ತಮ್ಮ ಪ್ರೊಫೈಲಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿ ಒಪ್ಪಬೇಕು. ಬಣ್ಣದ ವಿಷಯದಲ್ಲಿ ಒಬ್ಬರ ಬಣ್ಣ, ಇನ್ನೊಬ್ಬರ ಬಣ್ಣ ಅಂತ ಸ್ಲೈಡ್ ಬಿಟ್ಟು ಸ್ಲೈಡಿಗೆ ಬದಲಾಯಿಸಿದರೆ ಇಷ್ಟು ಹೊತ್ತು ಮುಚ್ಚಿದ ಬಿರುಕನ್ನು ಮತ್ತೆ ತೆರೆದ ಹಾಗೆ.

## 9. ಪೋಸ್ಟ್ ಹಾಕುವುದು

ಹಾಕುವ ಮೊದಲು ಇಬ್ಬರೂ ಫೋನಿನಲ್ಲೇ ಒಂಬತ್ತೂ ಸ್ಲೈಡ್ ತೆರೆದು, ಒಂದು ಸಲ ಪೂರ್ತಿ ಓದಿ. ಲ್ಯಾಪ್‌ಟಾಪಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಹಾಕಿದ ಮೇಲೆ ಕ್ಯಾಪ್ಶನ್ ತಿದ್ದಬಹುದು, ಒಂದು ಸ್ಲೈಡನ್ನು ಅಳಿಸಬಹುದು, ಆದರೆ ಸ್ಲೈಡಿನ ಮೇಲಿನ ಅಕ್ಷರವನ್ನು ತಿದ್ದಲು ಆಗುವುದಿಲ್ಲ. ನಾಲ್ಕನೇ ಸ್ಲೈಡಿನಲ್ಲಿ ತಪ್ಪಿದ್ದರೆ ಅದನ್ನು ಅಳಿಸಿಬಿಡಬೇಕು, ಇಲ್ಲವೇ ಇಡೀ ಪೋಸ್ಟ್ ಮತ್ತೆ ಹಾಕಬೇಕು.

ಕ್ಯಾಪ್ಶನ್ 2,200 ಅಕ್ಷರದವರೆಗೆ ಹೋಗುತ್ತದೆ, ಅಷ್ಟು ಬೇಕಿಲ್ಲ. ಅದೂ ದನಿ ಚೀಟಿಯಂತೆಯೇ ಇರಬೇಕು. ಸ್ಲೈಡುಗಳೆಲ್ಲ "ನಾವು" ಅಂದು, ಕ್ಯಾಪ್ಶನ್ ಬಂದ ಕೂಡಲೇ "ನಾನು ನನ್ನ ಗೆಳತಿ ಜೊತೆ ಸೇರಿ" ಅಂತ ಶುರುವಾದರೆ ಮಾಡಿದ್ದೆಲ್ಲ ಹಾಳಾಯಿತು.

ಇನ್ನೊಬ್ಬರನ್ನು ಸುಮ್ನೆ ಟ್ಯಾಗ್ ಮಾಡಿದರೆ ಸಾಲದು. `Tag people` ಒಳಗೆ `Invite collaborators` ಆರಿಸಿ ಕಳಿಸಬೇಕು. ಅವರು ಒಪ್ಪಿದ ಮೇಲೆಯೇ ಪೋಸ್ಟ್ ಎರಡೂ ಪ್ರೊಫೈಲಿನಲ್ಲಿ ಕಾಣುವುದು, ಲೈಕ್, ಕಾಮೆಂಟ್ ಒಂದೇ ಕಡೆ ಸೇರುವುದು. ಹಾಕುವ ಹೊತ್ತಿಗೆ ಜೊತೆಗಾರರು ಫೋನ್ ಹತ್ತಿರ ಇರುವಂತೆ ಸಮಯ ಗೊತ್ತುಮಾಡಿಕೊಳ್ಳಿ. ಅವರು ಸಂಜೆ ನೋಡಿ ಒಪ್ಪಿದರೆ ಅಷ್ಟು ಹೊತ್ತು ಅದು ಒಬ್ಬರದ್ದೇ ಪೋಸ್ಟ್ ಆಗಿ ಓಡುತ್ತಿರುತ್ತದೆ.

ಕಾಮೆಂಟಿಗೆ ಉತ್ತರ ಕೊಡುವಾಗ ದನಿ ಚೀಟಿ ಬಿಟ್ಟುಬಿಡಿ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಮಾತಾಡುತ್ತಾರೆ, ಧಾರವಾಡದವರು "ಎಸರು ಕುದೀಲಿಲ್ಲ ಅನಸ್ತದರಿ" ಅಂತ ಬರೆದರೆ ಅದೇ ಚಂದ. ಉತ್ತರ ಸ್ಲೈಡಿನಲ್ಲಿ ಇಲ್ಲದ ಹೊಸ ವಿಷಯವಾದರೆ ಮಾತ್ರ ಮೊದಲು ಜೊತೆಗಾರರಿಗೆ ಒಂದು ಮಾತು ಹೇಳಿ.

ಎರಡು ದಿನ ಕಳೆದ ಮೇಲೆ ಅಂಕದ ಟೇಬಲ್ ಮತ್ತೆ ತೆರೆಯಿರಿ. ಪ್ರತಿ ಕೆಲಸದ ಮುಂದೆ ನಿಜವಾಗಿ ಎಷ್ಟು ಭಾರವಾಯಿತು ಅಂತ ಇಬ್ಬರೂ ಬೇರೆ ಬೇರೆ ಅಂಕ ಬರೆಯಿರಿ. ತಟ್ಟುವ ಫೋಟೊಗೆ 3 ಕೊಟ್ಟಿದ್ದೀರಿ, ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತಾ ಇನ್ನೊಂದು ಕೈಯಲ್ಲಿ ಫೋಟೊ ತೆಗೆಯಲಾಗದೆ ಮನೆಯವರನ್ನು ಕರೆಯಬೇಕಾಯಿತು ಅಂದರೆ ಅದು 4. ಕ್ಯಾಪ್ಶನ್ 1 ಅಂದುಕೊಂಡದ್ದು 2 ಆಗಿರಬಹುದು. ಮುಂದಿನ ಕ್ಯಾರೊಸೆಲ್‌ಗೆ ಈ ತಿದ್ದಿದ ಅಂಕಗಳಿಂದಲೇ ಶುರು ಮಾಡಿ, ಈ ಸಲ ಯಾರಿಗೆ ಜಾಸ್ತಿ ಬಿದ್ದಿದೆಯೋ ಅವರಿಗೆ ಅಷ್ಟು ಅಂಕ ಕಡಿಮೆ ಹಂಚಿ.